ಮಡಚುವ ಕಂಪ್ಯೂಟರು, ಮಡಚಿಕೊಳ್ಳುವ ಬೆನ್ನು

ಲ್ಯಾಪ್‌ಟಾಪಿನ ಪರದೆಯೂ ಕೀಲಿಮಣೆಯೂ ಒಂದೇ ಬಿಜಾಗರಿಗೆ ಸಿಕ್ಕಿಕೊಂಡಿವೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೈಗಳು ಎದೆಯ ಎತ್ತರಕ್ಕೆ ಹೋಗುತ್ತವೆ. ಕೈಗೆ ಅನುಕೂಲವಾಗುವಂತೆ ಇಳಿಸಿದರೆ ಕುತ್ತಿಗೆ ಬಗ್ಗಲೇಬೇಕು. ಎಷ್ಟು ದುಡ್ಡಿನ ಕುರ್ಚಿ ತಂದರೂ ಈ ತೊಡಕು ಬಿಡುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮನೆಯಲ್ಲೇ ಕೂತು ಮದುವೆ ಆಲ್ಬಮ್, ಫ್ಲೆಕ್ಸ್ ಡಿಸೈನು, ನುಡಿ ಟೈಪಿಂಗು, ವಿಡಿಯೊ ಎಡಿಟಿಂಗು ಮಾಡಿಕೊಡುವವರ ಕುತ್ತಿಗೆ, ಬೆನ್ನು ನೋಯುವುದಕ್ಕೆ ಮೊದಲು ಹುಡುಕಬೇಕಾದ ಕಾರಣ ಇದೇ.

ಬೈಲಹೊಂಗಲದಲ್ಲಿ ಆಲ್ಬಮ್ ಡಿಸೈನ್ ಮಾಡುವ ಪರಿಚಯದ ಹೆಣ್ಣುಮಗಳೊಬ್ಬಳ ಲೆಕ್ಕವನ್ನೇ ನೋಡೋಣ. ಐದಡಿ ಎರಡಂಗುಲ ಎತ್ತರ. ಮದುವೆ ಸೀಸನ್ನಿನಲ್ಲಿ ದಿನಕ್ಕೆ ಹತ್ತು ತಾಸು ಕೆಲಸ. ಕೂರುವುದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಲ್ಯಾಪ್‌ಟಾಪ್ ಇರುವುದು ಊಟದ ಮೇಜಿನ ಮೇಲೆ. ಟೇಪು ಹಿಡಿದಾಗ ಕುರ್ಚಿಯ ಆಸನ ನೆಲದಿಂದ 42 ಸೆಂ.ಮೀ., ಮೇಜು 75 ಸೆಂ.ಮೀ. ಭುಜ ಸಡಿಲ ಬಿಟ್ಟು ನೆಟ್ಟಗೆ ಕೂತರೆ ಅವಳ ಮೊಣಕೈ ಆಸನದಿಂದ 22 ಸೆಂ.ಮೀ. ಮೇಲೆ, ಅಂದರೆ ನೆಲದಿಂದ 64ಕ್ಕೆ ಬರುತ್ತದೆ. ಮೇಜು ಅದಕ್ಕಿಂತ 11 ಸೆಂ.ಮೀ. ಎತ್ತರ. ಹಾಗಾಗಿ ದಿನವಿಡೀ ಭುಜ ಎತ್ತಿಕೊಂಡೇ ಮೌಸ್ ಆಡಿಸುತ್ತಿದ್ದಳು. ಸಂಜೆಯಾದರೆ ಕುತ್ತಿಗೆಯಿಂದ ಹೆಗಲಿನವರೆಗೆ ಹಗ್ಗ ಬಿಗಿದಂತಾಗುತ್ತಿದ್ದುದು ಇದರಿಂದಲೇ.

ಮೇಜಿನ ಕಾಲು ಕತ್ತರಿಸುವಂತಿಲ್ಲ, ಅದು ಊಟದ ಮೇಜು. ಹಾಗಾಗಿ ಕೂರುವ ಜಾಗವನ್ನೇ ಏರಿಸಬೇಕಾಯಿತು. ಮಡಚಿದ ಎರಡು ಹಳೆಯ ಕೌದಿ ಹಾಕಿ, ಅವಳು ಕೂತು ಒತ್ತಿದ ಮೇಲೂ 11 ಸೆಂ.ಮೀ. ಉಳಿಯುವಂತೆ ನೋಡಿಕೊಂಡೆವು. ಮೊಣಕೈ ಈಗ ಮೇಜಿನ ಮಟ್ಟಕ್ಕೇ ಬಂತು. ಆದರೆ ಪಾದ ನೆಲದಿಂದ ಮೇಲೆದ್ದಿತು. ಕಾಲು ಜೋತಾಡಿದರೆ ತೊಡೆಯ ಕೆಳಭಾಗಕ್ಕೆ ಆಸನದ ಅಂಚು ಒತ್ತುತ್ತದೆ, ಜನ ಮುಂದಕ್ಕೆ ಜಾರಿ ಅಂಚಿನಲ್ಲಿ ಕೂರುತ್ತಾರೆ, ಬೆನ್ನಿಗೆ ಆಸರೆ ತಪ್ಪುತ್ತದೆ. ಮಲಗಿಸಿದ ಇಟ್ಟಿಗೆಗಳ ಮೇಲೊಂದು ದಪ್ಪ ಹಲಗೆ ಇಟ್ಟರೆ ಪಾದಕ್ಕೆ ಬೇಕಾದ ಎತ್ತರ ಹೆಚ್ಚೂಕಡಿಮೆ ಸಿಗುತ್ತದೆ.

ಇನ್ನು ಪರದೆ. ಅವಳ ಕಣ್ಣು ಈಗ ನೆಲದಿಂದ ಸುಮಾರು 123 ಸೆಂ.ಮೀ.ನಲ್ಲಿದೆ. ಲ್ಯಾಪ್‌ಟಾಪ್ ಪರದೆಯ ಮೇಲಂಚು 97ರಲ್ಲಿ. ತಲೆಯ ತೂಕ ಸುಮಾರು ಐದು ಕೆ.ಜಿ.; ಅದು ಮುಂದಕ್ಕೆ ವಾಲಿದಷ್ಟೂ ಹಿಡಿದು ನಿಲ್ಲಿಸುವ ಕುತ್ತಿಗೆಯ ಸ್ನಾಯುಗಳು ಹಲವು ಪಟ್ಟು ಹೆಚ್ಚು ಎಳೆಯಬೇಕಾಗುತ್ತದೆ. ಕಾಗದ ಸುತ್ತಿದ ಇಟ್ಟಿಗೆಗಳನ್ನು ಮೂರು ಮೂರರಂತೆ ಎರಡು ಕಡೆ ಪೇರಿಸಿ ಲ್ಯಾಪ್‌ಟಾಪ್ ಇಟ್ಟೆವು. ಮೇಲಂಚು ಕಣ್ಣಿಗಿಂತ ತುಸು ಕೆಳಗೆ ಬಂತು. ಎರಡು ಗುಡ್ಡೆಗಳ ನಡುವೆ ಸಂದು ಇರುವುದರಿಂದ ಅಡಿಯ ಫ್ಯಾನಿಗೂ ಗಾಳಿ ಸಿಗುತ್ತದೆ. ಕೊಂಡದ್ದೆಂದರೆ ಬೇರೆ ಕೀಬೋರ್ಡು ಮತ್ತು ಮೌಸು ಮಾತ್ರ, ಸಾದಾ ಜೋಡಿ. ಇವೆರಡಿಲ್ಲದೆ ಲ್ಯಾಪ್‌ಟಾಪ್ ಸ್ಟ್ಯಾಂಡ್ ಮಾತ್ರ ತರಿಸಿಕೊಳ್ಳುವವರಿದ್ದಾರೆ. ಅದರಿಂದ ಕುತ್ತಿಗೆಯ ನೋವು ಭುಜಕ್ಕೆ ವರ್ಗವಾಗುತ್ತದೆ, ಅಷ್ಟೆ.

ನೆಲದ ಮೇಲೆ ಕೂತೇ ಕೆಲಸ ಮಾಡುವವರೂ ನಮ್ಮಲ್ಲಿ ಬಹಳ. ಚಕ್ಕಳಮಕ್ಕಳ ಹಾಕಿ ಸಪಾಟು ನೆಲದಲ್ಲಿ ಕೂತರೆ ಸೊಂಟದ ಮೂಳೆ ಹಿಂದಕ್ಕೆ ಉರುಳುತ್ತದೆ, ಕೆಳಬೆನ್ನಿನ ಸಹಜ ಬಾಗು ಅಳಿದು ಬೆನ್ನು ಗೂನಾಗುತ್ತದೆ. ಕುಣಿಮಗ್ಗದಲ್ಲಿ ನೇಕಾರ ನೆಲಮಟ್ಟದಲ್ಲಿ ಕೂತಂತೆ ಕಂಡರೂ ಅವನ ಕಾಲು ಕುಣಿಯೊಳಗೆ ಇಳಿದಿರುತ್ತದೆ, ಮೆಟ್ಟಿನ ಮೇಲೆ ಆಡುತ್ತಲೂ ಇರುತ್ತದೆ. ಕುಣಿ ತೋಡಲಾಗದ ನಾವು ಕುಂಡಿಯ ಕೆಳಗೆ ನಾಲ್ಕಂಗುಲದ ಗಟ್ಟಿ ದಿಂಬು ಹಾಕಿಕೊಂಡು, ಮೊಣಕಾಲು ಸೊಂಟಕ್ಕಿಂತ ಕೆಳಗೆ ಬರುವಂತೆ ಮಾಡಿಕೊಂಡರೆ ಬಾಗು ಮರಳುತ್ತದೆ. ಮಂಚದ ಮೇಲೆ ಒರಗಿಕೊಂಡು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದನ್ನು ಸರಿಪಡಿಸುವ ಉಪಾಯ ನನಗೆ ತಿಳಿದಿಲ್ಲ, ಬಿಡುವುದೇ ಲೇಸು.

ಬೆನ್ನಿನದು ಮುಗಿದರೂ ಆಕೆಯ ಇನ್ನೊಂದು ದೂರು ಉಳಿದಿತ್ತು. ‘ಕಣ್ಣಾಗ ಉಸುಕು ಹಾಕಿದಂಗ ಆಗ್ತೈತ್ರಿ, ಸಂಜೀಕ ಉರಿ ತಾಳಾಕ ಆಗೂದಿಲ್ಲ’ ಅಂದಳು. ಇದು ಕಣ್ಣೀರಿನ ಪದರ ಒಣಗುವ ಲಕ್ಷಣ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಹದಿನೈದರ ಆಸುಪಾಸು ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ಮುಳುಗಿದಾಗ ಅದು ಅರ್ಧಕ್ಕೂ ಕೆಳಗಿಳಿಯುತ್ತದೆ. ಬಡಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ರೆಪ್ಪೆಯಂಚಿನ ಗ್ರಂಥಿಗಳಿಂದ ಬರುವ ಎಣ್ಣೆ ಕಣ್ಣೀರಿನ ಮೇಲೆ ಹರಡಿ ಅದನ್ನು ಆರದಂತೆ ಕಾಯಬೇಕು. ಆ ಎಣ್ಣೆ ಹೊರಬರುವುದೇ ರೆಪ್ಪೆ ಪೂರ್ತಿ ಕೂಡಿದಾಗ. ಇದರ ಜೊತೆಗೆ ಬಿರುಬೇಸಿಗೆಯ ಒಣಗಾಳಿ, ಮುಖಕ್ಕೇ ಹೊಡೆಯುವ ಟೇಬಲ್ ಫ್ಯಾನು.

ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿದ್ದು ಮೊದಲ ಬದಲಾವಣೆ. ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿದ್ದು ಎರಡನೆಯದು. ಎದುರಿಗಿದ್ದರೆ ಬೆಳಕು ಕಣ್ಣು ಕುಕ್ಕುತ್ತದೆ, ಬೆನ್ನಿಗಿದ್ದರೆ ಪರದೆಯಲ್ಲಿ ಹೊಳೆಯುತ್ತದೆ. ಪರದೆ ಕಣ್ಣಿಗಿಂತ ಕೊಂಚ ಕೆಳಗಿರುವುದೂ ಇಲ್ಲಿ ನೆರವಾಗುತ್ತದೆ, ಏಕೆಂದರೆ ನೋಟ ತಗ್ಗಿದಾಗ ರೆಪ್ಪೆ ಇಳಿದು ಗಾಳಿಗೆ ತೆರೆದ ಕಣ್ಣಿನ ಭಾಗ ಕಡಿಮೆಯಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬ ಸೂತ್ರವನ್ನು ಎಲ್ಲರೂ ಕೇಳಿರುತ್ತಾರೆ, ಪಾಲಿಸುವವರು ಕಡಿಮೆ. ಅವಳಿಗೆ ಹೊಂದಿದ್ದು ಬೇರೆ ದಾರಿ: ಫೈಲ್ ಎಕ್ಸ್‌ಪೋರ್ಟ್‌ಗೆ ಹಾಕಿದಾಗಲೆಲ್ಲ ಆ ಪಟ್ಟಿ ಮುಂದೆ ಸರಿಯುವುದನ್ನು ನೋಡುತ್ತ ಕೂರದೆ ಎದ್ದು ಬಾಗಿಲಿಗೆ ಬಂದು, ರಸ್ತೆಯಾಚೆ ನೋಡುತ್ತ ಹತ್ತು ಸಲ ಮೆಲ್ಲಗೆ, ಪೂರ್ತಿಯಾಗಿ ಕಣ್ಣು ಮುಚ್ಚಿ ತೆರೆಯುವುದು. ಬೆನ್ನಿಗೂ ಅದೇ ಬಿಡುವು.

ಅಂದಹಾಗೆ, ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹೆಚ್ಚುವರಿ ದುಡ್ಡು ಕೊಡಬೇಕಾಗಿಲ್ಲ. 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ಹದಿನೇಳು ಪ್ರಯೋಗಗಳನ್ನು ಪರಿಶೀಲಿಸಿ, ಸಾದಾ ಗಾಜಿಗಿಂತ ಅದು ಕಣ್ಣಿನ ದಣಿವು ಇಳಿಸುತ್ತದೆ ಎನ್ನಲು ಆಧಾರ ಕಾಣಲಿಲ್ಲ ಎಂದಿತು.

ಕನ್ನಡಕದ ನಂಬರು ಮಾತ್ರ ಬೆನ್ನನ್ನೂ ಕೆಡಿಸಬಲ್ಲದು. ಸವದತ್ತಿಯಲ್ಲಿ ಮನೆಯಿಂದಲೇ ಟೈಪಿಂಗ್ ಮಾಡಿಕೊಡುವ, ಐವತ್ತು ದಾಟಿದ ಒಬ್ಬರಿದ್ದಾರೆ ಅನ್ನಿ. ದೂರದ ನೋಟ ಚೆನ್ನಾಗಿದೆ, ಓದಲು +2.00. ನೂರನ್ನು ಆ ನಂಬರಿನಿಂದ ಭಾಗಿಸಿದರೆ 50. ಈ ಕನ್ನಡಕದಲ್ಲಿ 50 ಸೆಂ.ಮೀ.ಗಿಂತ ಆಚೆಯದು ಮಸುಕು. ಪರದೆ 65 ಸೆಂ.ಮೀ. ದೂರದಲ್ಲಿದ್ದರೆ ಅಕ್ಷರ ಸ್ಪಷ್ಟವಾಗಲೆಂದು ಅವರು ತಮಗರಿವಿಲ್ಲದೆ ಮುಂದಕ್ಕೆ ಬಾಗುತ್ತಾರೆ. ಬೈಫೋಕಲ್ ಇದ್ದರೆ ಕೆಳಗಿನ ಬಿಲ್ಲೆಯಿಂದ ನೋಡಲು ಗದ್ದ ಮೇಲೆತ್ತುತ್ತಾರೆ. ಪರದೆಗೆಂದೇ +1.50ರ ಬೇರೆ ಕನ್ನಡಕವಾದರೆ ದೂರ ಸುಮಾರು 67ಕ್ಕೆ ಬರುತ್ತದೆ. ನಂಬರನ್ನು ತಪಾಸಣೆ ಮಾಡುವವರೇ ನಿರ್ಧರಿಸಬೇಕು. ಹೋಗುವಾಗ ಮೂಗಿನಿಂದ ಪರದೆಗಿರುವ ಅಂತರವನ್ನು ಅಳೆದು ಬರೆದುಕೊಂಡು ಹೋಗಿ, ಅದನ್ನವರು ಕೇಳದಿದ್ದರೆ ನೀವೇ ಹೇಳಿ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ನೋವು ಕೆಲವೇ ವಾರಗಳಲ್ಲಿ ಇಳಿಯುತ್ತ ಬರಬೇಕು. ಬೆನ್ನುನೋವು ಮೊಣಕಾಲಿನ ಕೆಳಗೂ ಹರಿದರೆ, ಪಾದ ಜೋಮು ಹಿಡಿದರೆ ಅಥವಾ ಹಿಮ್ಮಡಿಯ ಮೇಲೆ ನಡೆಯಲಾಗದಿದ್ದರೆ ಅದು ಕುರ್ಚಿಯ ಮಾತಲ್ಲ, ನರದ ಮಾತು, ವೈದ್ಯರಿಗೆ ತೋರಿಸಬೇಕು. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಬೆಳಗಾವಿಯನ್ನೋ ಹುಬ್ಬಳ್ಳಿಯನ್ನೋ ಮುಟ್ಟಬೇಕು. ಕಣ್ಣಿಗೆ ಬರೀ ಉರಿಯಿದ್ದರೆ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರಿನ ಹನಿ ಸಾಕು. ಔಷಧ ಅಂಗಡಿಯವರು ಕೆಂಪು ತಕ್ಷಣ ಇಳಿಯುತ್ತದೆಂದು ಬೇರೆ ಹನಿ ಕೊಟ್ಟರೆ ಬಾಟಲಿ ತಿರುಗಿಸಿ ಓದಿ: ಬೀಟಾಮೆಥಸೋನ್, ಡೆಕ್ಸಾಮೆಥಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಕೆಂಪು ಇಳಿಯುವುದೇನೋ ನಿಜ. ಆದರೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ನರ ಕೆಡುತ್ತದೆ, ಕೆಟ್ಟ ನೋಟ ಮರಳುವುದಿಲ್ಲ.