ಚೀಲದ ಒಳಮಗ್ಗುಲು ನುಡಿಯುವ ಸಾಕ್ಷ್ಯ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಊರುಗಳಲ್ಲಿ ಶಾಲೆಯ ಬಾಗಿಲು ತೆರೆಯುವುದಕ್ಕೂ ಮುಂಗಾರು ಮಳೆ ಇಳಿಯುವುದಕ್ಕೂ ಹೆಚ್ಚು ದಿನಗಳ ಅಂತರವಿರುವುದಿಲ್ಲ. ಹೊಸ ಪುಸ್ತಕದ ಚೀಲವು ಅಂಗಡಿಯಿಂದ ಬಂದ ವಾರದಲ್ಲೇ ನೆನೆಯತೊಡಗುತ್ತದೆ. ಅನಂತರ ಮೂರು ನಾಲ್ಕು ತಿಂಗಳು ಪೂರ್ತಿ ಒಣಗುವ ಭಾಗ್ಯ ಅದಕ್ಕೆ ಅಪರೂಪ. ಬಯಲುಸೀಮೆಯಲ್ಲಿ ಮೂರು ವರ್ಷ ಬಾಳಿದ ಚೀಲ ಮಲೆನಾಡಿನಲ್ಲಿಯೂ ಅಷ್ಟೇ ಬಾಳೀತೆಂದು ನಂಬುವಂತಿಲ್ಲ. ಹಾಗಾದರೆ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ಚೀಲಗಳಲ್ಲಿ ಯಾವುದನ್ನು ಆರಿಸಬೇಕು?

ಹೆಸರನ್ನು ನೋಡಿ ಕೊಂಡರಾಯಿತು ಎನ್ನುವವರುಂಟು. ಆದರೆ ಹೆಸರು ಪೂರ್ತಿ ಉತ್ತರವಲ್ಲ. ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ ಆಗಲಿ, ವಿ.ಐ.ಪಿ. ಸಂಸ್ಥೆಯ ಸ್ಕೈಬ್ಯಾಗ್ಸ್ ಆಗಲಿ, 1993ರಲ್ಲಿ ಸ್ಯಾಮ್ಸೊನೈಟ್ ಬಳಗಕ್ಕೆ ಸೇರಿದ ಅಮೆರಿಕನ್ ಟೂರಿಸ್ಟರ್ ಆಗಲಿ, ಪ್ರತಿಯೊಂದೂ ಒಂದೇ ಹೆಸರಿನಡಿ ಬೇರೆ ಬೇರೆ ಬೆಲೆಯ ಹಲವು ಮಾದರಿಗಳನ್ನು ಮಾರುತ್ತದೆ. ಹೆಸರು ಒಂದೇ ಆದರೂ ಜಿಪ್ಪು, ನೂಲು, ಒಳಬಟ್ಟೆ ಒಂದೇ ಆಗಿರಬೇಕೆಂದಿಲ್ಲ. ಆದ್ದರಿಂದ ಹೆಸರನ್ನು ಹೊರಗೆ ಓದಿದ ಮೇಲೆ ಚೀಲವನ್ನು ತೆರೆದು ಒಳಗನ್ನೂ ಓದಬೇಕು. ಅಲ್ಲಿ ಮೂರು ಸಾಕ್ಷಿಗಳಿವೆ.

ಜಿಪ್ಪಿನ ಬೆನ್ನು

ಜಿಪ್ಪಿನಲ್ಲಿ ಕಣ್ಣಿಗೆ ಬೀಳುವುದು ಬೆರಳಿನಿಂದ ಹಿಡಿದೆಳೆಯುವ ನಾಲಗೆ, ಅಂದರೆ ಪುಲ್ಲರ್. ಅದರ ಮೇಲೆ ಕಂಪನಿಯ ಮುದ್ರೆ ಅಂದವಾಗಿ ಕುಳಿತಿರುತ್ತದೆ. ಆದರೆ ಬಾಳಿಕೆಯನ್ನು ನಿರ್ಣಯಿಸುವುದು ಅದಲ್ಲ. ಹಲ್ಲುಗಳ ಮೇಲೆ ಓಡಾಡುವ ಪುಟ್ಟ ಲೋಹದ ತುಂಡು. ಹೊಲಿಗೆಯವರು ಇದನ್ನು ರನ್ನರ್ ಎನ್ನುತ್ತಾರೆ. ನಾಲಗೆಯನ್ನು ಯಾವ ರನ್ನರಿಗಾದರೂ ತಗುಲಿಸಬಹುದು.

ರನ್ನರಿನ ಹಿಂಬದಿಯನ್ನು ತಿರುಗಿಸಿ ನೋಡಿದರೆ ಅನೇಕ ವೇಳೆ 3, 5, 8 ಅಥವಾ 10 ಎಂಬ ಅಂಕಿ ಕಾಣುತ್ತದೆ. ಮುಚ್ಚಿದ ಹಲ್ಲುಸಾಲು ಸುಮಾರು ಎಷ್ಟು ಮಿಲಿಮೀಟರ್ ಅಗಲವೆಂಬುದನ್ನು ಅದು ಸೂಚಿಸುತ್ತದೆ. ಮುಂದಿನ ಸಣ್ಣ ಜೇಬಿಗೆ 5 ಸಾಕು. ಪುಸ್ತಕಗಳ ಒತ್ತಡವನ್ನು ತಡೆಯಬೇಕಾದ ದೊಡ್ಡ ಖಾನೆಗೆ 8 ಅಥವಾ 10 ಇದ್ದರೆ ಮೇಲು. ಟೋಕಿಯೋದಲ್ಲಿ 1934ರಲ್ಲಿ ಆರಂಭವಾದ ಜಪಾನಿನ ವೈ.ಕೆ.ಕೆ. ಸಂಸ್ಥೆಯ ಅಕ್ಷರಗಳು ಇದ್ದರೆ ಒಳ್ಳೆಯ ಗುರುತೇ. ಆದರೆ ಆ ಅಕ್ಷರಗಳ ನಕಲೂ ಪೇಟೆಯಲ್ಲಿ ಉಂಟು. ಅಕ್ಷರಕ್ಕಿಂತ ಕೈಪರೀಕ್ಷೆಯೇ ಹೆಚ್ಚು ನಂಬಲರ್ಹ. ಚೀಲದೊಳಗೆ ಏನಾದರೂ ತುಂಬಿ, ಜಿಪ್ಪನ್ನು ಮೂಲೆಯ ತಿರುವಿನಲ್ಲಿ ಹತ್ತು ಬಾರಿ ಎಳೆದು ನೋಡಬೇಕು. ತಿರುವಿನಲ್ಲಿ ಅದು ತಡವರಿಸಿದರೆ, ಅಥವಾ ಒಳಬಟ್ಟೆಯ ಅಂಚು ಹಲ್ಲಿಗೆ ಸಿಕ್ಕಿಕೊಂಡರೆ, ಆ ದೋಷವು ದಿನ ಕಳೆದಂತೆ ಬೆಳೆಯುವುದೇ ಹೊರತು ಮಾಯುವುದಿಲ್ಲ.

ಜಿಪ್ಪು ಮುಚ್ಚಿದ ಮೇಲೂ ಹಿಂದೆ ಬಾಯಿ ಬಿಟ್ಟರೆ ಹಲ್ಲು ಹಾಳಾಯಿತೆಂದು ಎಷ್ಟೋ ಮಂದಿ ಚೀಲವನ್ನೇ ಎಸೆಯುತ್ತಾರೆ. ಬಹುಮಟ್ಟಿಗೆ ಸವೆದದ್ದು ರನ್ನರ್. ಅದರ ಬಾಯಿ ಅಗಲವಾಗಿರುತ್ತದೆ. ಅದೇ ಅಂಕಿಯ ಬೇರೆ ರನ್ನರನ್ನು ಹಾಕಿದರೆ ಚೀಲಕ್ಕೆ ಮತ್ತೆ ಆಯುಸ್ಸು ಬರುತ್ತದೆ. ಅಂಕಿಯಿಲ್ಲದ ಜಿಪ್ಪಿಗೆ ಜೊತೆ ಹುಡುಕುವುದು ಕಷ್ಟ.

ಹೊಲಿಗೆಯ ಲೆಕ್ಕ

ಚೀಲ ಸಾಮಾನ್ಯವಾಗಿ ಹರಿಯುವುದು ಬಟ್ಟೆಯ ನಡುವೆಯಲ್ಲ; ಹೆಗಲಪಟ್ಟಿಯ ಬುಡದಲ್ಲಿ. ಮಗು ಬಸ್ಸು ಹತ್ತುವಾಗ ಒಂದೇ ಪಟ್ಟಿಯನ್ನು ಹಿಡಿದು ಚೀಲವನ್ನು ಎತ್ತಿ ಬೀಸುತ್ತದೆ. ಆಗ ಎಲ್ಲ ಭಾರವೂ ಒಂದೇ ಮೂಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಚೀಲದ ಒಳಗೆ ಕೈಹಾಕಿ, ಪಟ್ಟಿಯ ತುದಿ ಹೊಲಿಗೆಯಿಂದ ಆಚೆಗೆ ಸುಮಾರು ಒಂದು ಅಂಗುಲವಾದರೂ ಚಾಚಿದೆಯೇ ಎಂದು ತಡವಿ ನೋಡಬೇಕು. ಹೊರಗಡೆ ಚೌಕಾಕಾರವಾಗಿ ಹೊಲಿದು ನಡುವೆ ಅಡ್ಡಗೀಟಿನ ಹೊಲಿಗೆಯಿದ್ದರೆ, ಅಥವಾ ಒತ್ತೊತ್ತಾಗಿ ಹಿಂದೆ ಮುಂದೆ ಹೊಡೆದ ದಪ್ಪ ಹೊಲಿಗೆಯಿದ್ದರೆ, ಭಾರ ಹಂಚಿಹೋಗುತ್ತದೆ.

ಉಳಿದ ಕಡೆ ಹೊಲಿಗೆ ಒತ್ತಾಗಿದ್ದಷ್ಟೂ ಗಟ್ಟಿಯೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಅಂಗುಲಕ್ಕೆ ಏಳರಿಂದ ಒಂಬತ್ತು ಹೊಲಿಗೆ ಇಂಥ ದಪ್ಪಬಟ್ಟೆಗೆ ಹದವಾದ ಪ್ರಮಾಣ. ನಾಲ್ಕೈದಕ್ಕಿಳಿದರೆ ಬಾಯಿ ಬಿಡುತ್ತದೆ. ತೀರ ಹೆಚ್ಚಾದರೆ ಸೂಜಿಯ ತೂತುಗಳು ಅಂಚೆಚೀಟಿಯ ಅಂಚಿನಂತಾಗಿ, ಬಟ್ಟೆ ಆ ಗೆರೆಯುದ್ದಕ್ಕೂ ಹರಿಯಲು ದಾರಿಯಾಗುತ್ತದೆ. ಒಳಗಿನ ಅಂಚುಗಳಿಗೆ ಪಟ್ಟಿ ಸುತ್ತಿ ಹೊಲಿದಿದ್ದರೆ ನೂಲು ಬಿಚ್ಚುವುದಿಲ್ಲ. ಬಟ್ಟೆ ನೀರನ್ನು ತಡೆಯುವಂಥದಾದರೂ ಸೂಜಿತೂತುಗಳು ತಡೆಯಲಾರವೆಂಬುದನ್ನು ಮಲೆನಾಡಿನವರು ಮರೆಯಬಾರದು. ಪುಸ್ತಕ ಒಣಗಿರಬೇಕಾದರೆ ಮೇಲೊಂದು ಮಳೆಗವುಸು ಬೇಕೇ ಬೇಕು.

ಚೀಟಿಯ ಮಾತು

ಒಳಬಟ್ಟೆಗೆ ಹೊಲಿದ ಚೀಟಿಯನ್ನೂ ತೂಗುಹಾಕಿದ ಕಾರ್ಡನ್ನೂ ಓದುವವರು ವಿರಳ. 2011ರ ಕಾನೂನುಬದ್ಧ ಮಾಪನದ ನಿಯಮಗಳಂತೆ ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಬೆಲೆ, ದೂರಿನ ವಿಳಾಸ ಮುಂತಾದುವು ಇರಬೇಕು. ಅಲ್ಲಿ ‘ತಯಾರಿಸಿದವರು’ ಮತ್ತು ‘ಮಾರಾಟ ಮಾಡುವವರು’ ಬೇರೆ ಬೇರೆಯಾಗಿದ್ದರೆ, ಹೆಸರು ಒಬ್ಬರದು, ಕೈಕೆಲಸ ಇನ್ನೊಬ್ಬರದು ಎಂದರ್ಥ. ಅದು ತಪ್ಪಲ್ಲ, ಹೆಸರೊಂದನ್ನೇ ನೆಚ್ಚಬಾರದೆಂಬುದಕ್ಕೆ ಪುರಾವೆ.

ತಯಾರಿಯ ತಿಂಗಳು ಮತ್ತು ವರ್ಷಕ್ಕೆ ಮಲೆನಾಡಿನಲ್ಲಿ ವಿಶೇಷ ಬೆಲೆಯಿದೆ. ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ನೀರು ತಡೆಯಲೆಂದು ಪಾಲಿಯುರಿಥೇನಿನ ತೆಳು ಲೇಪ ಕೊಡುವುದುಂಟು. ಗಾಳಿಯ ತೇವಕ್ಕೆ ಈ ಲೇಪ ಕಾಲಕ್ರಮದಲ್ಲಿ ಒಡೆದು, ಮೊದಲು ಅಂಟಂಟಾಗಿ, ಆಮೇಲೆ ಪುಡಿಯಾಗಿ ಉದುರುತ್ತದೆ. ಬಳಸದೆ ಇಟ್ಟರೂ ಇದು ತಪ್ಪುವುದಿಲ್ಲ. ಆದ್ದರಿಂದ ರಿಯಾಯಿತಿಯಲ್ಲಿ ಸಿಗುವ ಮೂರು ನಾಲ್ಕು ವರ್ಷದ ಹಳೆಯ ದಾಸ್ತಾನು ಅಗ್ಗವೆನಿಸಲಾರದು. ಒಳಮೈಗೆ ಅಂಗೈಯೊತ್ತಿ ನೋಡಿದರೆ ಅಂಟು ತಿಳಿಯುತ್ತದೆ. ಇದೇ ಕಾರಣಕ್ಕೆ ನೆನೆದ ಚೀಲವನ್ನು ಬಚ್ಚಲೊಲೆಯ ಬಿಸಿಗೆ ಹಿಡಿಯದೆ, ಖಾಲಿಮಾಡಿ ಗಾಳಿಗೆ ಬಾಯ್ತೆರೆದು ತೂಗುಹಾಕುವುದು ಲೇಸು.

ಒಂದು ಆಯ್ಕೆ

ಅಡ್ಡಗದ್ದೆಯ ಒಬ್ಬ ತಾಯಿ ಆರನೆಯ ತರಗತಿಯ ಮಗನಿಗಾಗಿ ಮೂರು ಚೀಲಗಳನ್ನು ಮುಂದಿಟ್ಟುಕೊಂಡಿದ್ದಾಳೆಂದು ಭಾವಿಸಬಹುದು. ಮೊದಲನೆಯದು 500 ರೂಪಾಯಿ, ತೂಕ 400 ಗ್ರಾಂ. ರನ್ನರಿನಲ್ಲಿ ಅಂಕಿಯಿಲ್ಲ, ಪಟ್ಟಿಯ ಬುಡದಲ್ಲಿ ಒಂದೇ ಸಾಲಿನ ಹೊಲಿಗೆ. ಎರಡನೆಯದು 1,000 ರೂಪಾಯಿ, 600 ಗ್ರಾಂ. 8ರ ಜಿಪ್ಪು, ಚೌಕದ ಹೊಲಿಗೆ, ಅಂಚಿಗೆ ಪಟ್ಟಿ. ಮೂರನೆಯದು ಹೆಸರಾಂತ ಕಂಪನಿಯದು, 1,800 ರೂಪಾಯಿ, 1,100 ಗ್ರಾಂ. 10ರ ಜಿಪ್ಪು, ಅಷ್ಟೇ ಗಟ್ಟಿ ಹೊಲಿಗೆ.

ಮೊದಲನೆಯದು ಒಂದು ಮಳೆಗಾಲಕ್ಕೆ ಮುಗಿದರೆ ವರ್ಷಕ್ಕೆ 500 ರೂಪಾಯಿ ಬೀಳುತ್ತದೆ. ಎರಡನೆಯದು ನಡುವೆ 50 ರೂಪಾಯಿ ರಿಪೇರಿಯೊಡನೆ ಮೂರು ವರ್ಷ ಬಾಳಿದರೆ ವರ್ಷಕ್ಕೆ 350. ಮೂರನೆಯದು ಇದಕ್ಕೆ ಸಮನಾಗಬೇಕಾದರೆ ಐದು ವರ್ಷಕ್ಕೂ ಮೀರಿ ಬಾಳಬೇಕು. ಅಷ್ಟರಲ್ಲಿ ಹುಡುಗ ಹೈಸ್ಕೂಲು ಮುಗಿಸಿರುತ್ತಾನೆ. ಮೇಲಾಗಿ, ಕರ್ನಾಟಕ ಸರ್ಕಾರದ 2019ರ ಸುತ್ತೋಲೆ ಆರರಿಂದ ಎಂಟನೆಯ ತರಗತಿಯವರೆಗೆ ಚೀಲದ ಭಾರವನ್ನು 3ರಿಂದ 4 ಕಿಲೋಗ್ರಾಮಿಗೆ ಮಿತಿಗೊಳಿಸಿತು. ಖಾಲಿ ಚೀಲವೇ ಒಂದು ಕಿಲೋ ಮೀರಿದರೆ, ಪುಸ್ತಕಕ್ಕೂ ನೀರಿನ ಬಾಟಲಿಗೂ ಉಳಿಯುವುದು ಎಷ್ಟು? ಇಲ್ಲಿ ನಡುವಿನ ಚೀಲವೇ ಗೆಲ್ಲುತ್ತದೆ.

ವಾರಂಟಿಯ ಆಸೆ ಮೂರನೆಯದರತ್ತ ಎಳೆದರೆ ಚೀಟಿಯನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ವಾರಂಟಿ ಸಾಮಾನ್ಯವಾಗಿ ತಯಾರಿಯ ದೋಷಕ್ಕೆ ಮಾತ್ರ, ಬಳಕೆಯ ಸವೆತಕ್ಕಲ್ಲ. ಅದೂ ರಸೀತಿ ಇದ್ದರೆ. ಆ ರಸೀತಿಯನ್ನೂ ಕಾರ್ಡನ್ನೂ ಚೀಲದಲ್ಲೇ ಬಿಟ್ಟರೆ ಮೊದಲ ಮಳೆಗೇ ಅಕ್ಷರ ಅಳಿಸಿಹೋದೀತು. ಅವನ್ನು ಮನೆಯ ಕಪಾಟಿನಲ್ಲಿ ಇಡುವುದು ಕ್ಷೇಮ.