ಗಲ್ಲಾಪೆಟ್ಟಿಗೆಯ ಏರಿಳಿತ ಎಲ್ಲಿಂದ ಬರುತ್ತದೆ?

ಒಂದು ದರ್ಶಿನಿಗೆ ದಿನಕ್ಕೆ ಸರಾಸರಿ 400 ಗಿರಾಕಿಗಳು ಬರುತ್ತಾರೆ, ಒಬ್ಬೊಬ್ಬರ ಬಿಲ್ಲು ಸರಾಸರಿ 80 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬರೀ ಕಾಫಿ ಕುಡಿದು ಹೋಗುವವರೂ ಇದ್ದಾರೆ, ಮಸಾಲೆದೋಸೆಯ ಮೇಲೆ ಕೇಸರಿಬಾತ್ ತಿನ್ನುವವರೂ ಇದ್ದಾರೆ; ಹಾಗಾಗಿ ಬಿಲ್ಲು 80ರ ಆಚೀಚೆ ಸುಮಾರು 40 ರೂಪಾಯಿ ಸರಿದಾಡುತ್ತದೆ. ಮಳೆ, ಹಬ್ಬ, ರಜೆಗಳಿಂದ ಗಿರಾಕಿಗಳ ಸಂಖ್ಯೆಯೂ 400ರ ಆಚೀಚೆ 60ರಷ್ಟು ಏರಿಳಿಯುತ್ತದೆ. ಈ 40 ಮತ್ತು 60 ಮಾನಕ ವಿಚಲನೆಗಳು. ಅವುಗಳ ವರ್ಗಕ್ಕೆ ವೇರಿಯನ್ಸ್ ಎಂದು ಹೆಸರು.

ದಿನದ ವ್ಯಾಪಾರ ಸರಾಸರಿ ಎಷ್ಟು? ಮೊದಲು ಗಿರಾಕಿಗಳ ಸಂಖ್ಯೆ ಗೊತ್ತಿದೆ ಎಂದುಕೊಳ್ಳಿ. n ಜನ ಬಂದರೆ 80n ರೂಪಾಯಿ ನಿರೀಕ್ಷಿಸಬಹುದು. n ದಿನದಿನಕ್ಕೆ ಬದಲಾಗುವುದರಿಂದ ಈ 80nನ ಸರಾಸರಿ ತೆಗೆದರೆ 80 × 400, ಅಂದರೆ 32,000 ರೂಪಾಯಿ. ಹೀಗೆ ಎರಡು ಹಂತದಲ್ಲಿ ಸರಾಸರಿ ತೆಗೆಯುವುದೇ ಒಟ್ಟು ನಿರೀಕ್ಷೆಯ ನಿಯಮ.

ಏರಿಳಿತದ ಲೆಕ್ಕಕ್ಕೂ ಇದೇ ದಾರಿ, ಆದರೆ ಇಲ್ಲಿ ಎರಡು ಪಾಲುಗಳನ್ನು ಕೂಡಿಸಬೇಕು. ಸರಿಯಾಗಿ 400 ಜನರೇ ಬಂದರೂ ಬಿಲ್ಲುಗಳು ಹೆಚ್ಚುಕಡಿಮೆ ಇರುತ್ತವೆ: ಅದರ ಪಾಲು 400 × 40², ಅಂದರೆ 6,40,000. ಇನ್ನು ಪ್ರತಿಯೊಬ್ಬರೂ ಕರಾರುವಾಕ್ಕಾಗಿ 80 ರೂಪಾಯಿಯನ್ನೇ ಖರ್ಚು ಮಾಡಿದರೂ ಜನರ ಸಂಖ್ಯೆ ಏರಿಳಿಯುತ್ತದೆ: ಅದರ ಪಾಲು 60² × 80², ಅಂದರೆ 2,30,40,000. ಸೂತ್ರ ಹೀಗಿದೆ:

Var(S) = E(N)·Var(X) + Var(N)·[E(X)]²

ಎರಡೂ ಸೇರಿ 2,36,80,000. ವರ್ಗಮೂಲ ತೆಗೆದರೆ ದಿನದ ವ್ಯಾಪಾರದ ಮಾನಕ ವಿಚಲನೆ ಸುಮಾರು 4,866 ರೂಪಾಯಿ. ಗಿರಾಕಿಗಳ ಸಂಖ್ಯೆ ಬದಲಾಗುತ್ತದೆಂಬುದನ್ನು ಮರೆತು ಮೊದಲ ಪಾಲನ್ನಷ್ಟೇ ಹಿಡಿದವರಿಗೆ ಸಿಗುವುದು ಬರೀ 800. ವೇರಿಯನ್ಸಿನಲ್ಲಿ ನೂರಕ್ಕೆ 97 ಪಾಲು ಜನರ ಸಂಖ್ಯೆಯದೇ. ಬಿಲ್ಲುಗಳ ಹೆಚ್ಚುಕಡಿಮೆ ನೂರಾರು ಜನರ ನಡುವೆ ಒಂದಕ್ಕೊಂದು ಸರಿಹೋಗುತ್ತದೆ. ಜನರೇ ಬಾರದ ದಿನದ ಕೊರತೆಯನ್ನು ಹಾಗೆ ತುಂಬಲು ಯಾರೂ ಇರುವುದಿಲ್ಲ. ವಿಮಾ ಕಂಪನಿಗಳೂ ಕ್ಲೇಮುಗಳ ಸಂಖ್ಯೆ ಮತ್ತು ಮೊತ್ತವನ್ನು ಹೀಗೆಯೇ ಬೇರೆಬೇರೆಯಾಗಿ ಅಳೆಯುತ್ತವೆ.

ಈ ಸೂತ್ರಕ್ಕೆ ಒಂದು ಷರತ್ತಿದೆ: ಬಿಲ್ಲುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇರಬೇಕು, ಗಿರಾಕಿಗಳ ಸಂಖ್ಯೆಗೂ ಅಂಟಿಕೊಂಡಿರಬಾರದು. ಅರ್ಧ ದಿನಗಳಲ್ಲಿ 340 ಜನ ತಲಾ ಸರಾಸರಿ 70 ರೂಪಾಯಿ, ಇನ್ನರ್ಧ ದಿನಗಳಲ್ಲಿ 460 ಜನ ಸರಾಸರಿ 90 ರೂಪಾಯಿ ಖರ್ಚು ಮಾಡುತ್ತಾರೆ ಎಂದುಕೊಳ್ಳಿ. ದಿನಗಳ ಸರಾಸರಿ ನೋಡಿದರೆ ಈಗಲೂ 400 ಜನ, 80 ರೂಪಾಯಿಯೇ. ಆದರೆ ವ್ಯಾಪಾರ ಒಮ್ಮೆ ಸುಮಾರು 23,800, ಇನ್ನೊಮ್ಮೆ ಸುಮಾರು 41,400. ಸರಾಸರಿ 32,600 ಆಗುತ್ತದೆ, ಮಾನಕ ವಿಚಲನೆ 8,800 ದಾಟುತ್ತದೆ.

ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಬಿಲ್ಲಿಂಗ್ ಯಂತ್ರದ ದಾಖಲೆಯಿಂದ ಹೆಚ್ಚು ಜನ ಬಂದ ದಿನಗಳನ್ನೂ ಕಡಿಮೆ ಜನ ಬಂದ ದಿನಗಳನ್ನೂ ಬೇರೆ ಮಾಡಿ, ಎರಡರ ಸರಾಸರಿ ಬಿಲ್ಲನ್ನು ಹೋಲಿಸಿದರೆ ಸಾಕು. ಅಂತರ ದೊಡ್ಡದಿದ್ದರೆ ಒಂದೊಂದು ಬಗೆಯ ದಿನಕ್ಕೂ ಸೂತ್ರವನ್ನು ಪ್ರತ್ಯೇಕವಾಗಿ ಹಚ್ಚಿ, ಬಗೆಬಗೆಯ ದಿನಗಳ ಸರಾಸರಿಗಳ ನಡುವಿನ ವೇರಿಯನ್ಸನ್ನು ಆಮೇಲೆ ಕೂಡಿಸಬೇಕು.