ಸ್ಕ್ರಿಪ್ಟ್ ಕೈ ಬದಲಾಗುವಾಗ ಜೊತೆಗೆ ಹೋಗಬೇಕಾದ ಟಿಪ್ಪಣಿ

ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಪ್ರತಿ ತಿಂಗಳ 14ನೇ ತಾರೀಖು ಬಂತೆಂದರೆ ಒಂದು ಕೆಲಸ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ ಒಬ್ಬೊಬ್ಬ ಗಿರಾಕಿಯ ಜಿಎಸ್‌ಟಿಆರ್-2ಬಿ ವರದಿಯನ್ನು ಇಳಿಸಿಕೊಳ್ಳಬೇಕು. ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳನ್ನು ನೋಡಿ, ಕೊಂಡವರಿಗೆ ಎಷ್ಟು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆಂದು ತಿಳಿಸುವ ಪಟ್ಟಿ ಇದು. ತಿಂಗಳ ರಿಟರ್ನ್ ಸಲ್ಲಿಸುವವರಿಗೆ ಸಾಮಾನ್ಯವಾಗಿ 20ನೇ ತಾರೀಖು ಕೊನೆ. ನಡುವೆ ಸಿಗುವುದು ಆರೇ ದಿನ. ಹಾಗಾಗಿ ಎಷ್ಟೋ ಕಡೆ ಯಾರಾದರೊಬ್ಬರು ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿರುತ್ತಾರೆ. ಅವರು ಕೆಲಸ ಬಿಟ್ಟು ಹೊರಟಾಗ ಅದು ಇನ್ನೊಬ್ಬರ ಕೈಗೆ ಬರುತ್ತದೆ.

ಸ್ಕ್ರಿಪ್ಟ್ ಓಡಿಸುವುದು ಹೇಗೆಂದು ಎಲ್ಲರೂ ಬರೆದುಕೊಡುತ್ತಾರೆ. ಆದರೆ ಹೊಸಬರಿಗೆ ನಿಜವಾಗಿ ಬೇಕಾದದ್ದು, ಬಂದ ಫೈಲು ಸರಿಯಾದದ್ದೇ ಎಂದು ಗುರುತಿಸುವ ಬಗೆ. ನನ್ನ ಪ್ರಕಾರ ಟಿಪ್ಪಣಿಯ ಹೆಚ್ಚಿನ ಪಾಲು ಅದಕ್ಕೇ ಮೀಸಲಾಗಬೇಕು.

ಮೊದಲ ಹೆಜ್ಜೆ ಸುಲಭ. ಸ್ಕ್ರಿಪ್ಟ್ ಯಾವ ಕಂಪ್ಯೂಟರಿನ ಯಾವ ಫೋಲ್ಡರಿನಲ್ಲಿದೆ, ಓಡಿಸಲು ಏನು ಟೈಪ್ ಮಾಡಬೇಕು ಎಂದು ಬರೆಯಿರಿ. ಪಾಸ್‌ವರ್ಡ್‌ಗಳು ಎಲ್ಲಿವೆ, ಯಾರನ್ನು ಕೇಳಬೇಕು ಎಂದಷ್ಟೇ ತಿಳಿಸಿ. ಪಾಸ್‌ವರ್ಡನ್ನೇ ಟಿಪ್ಪಣಿಯಲ್ಲಿ ಬರೆಯಬೇಡಿ. ಲಾಗಿನ್ ಪುಟದಲ್ಲಿ ಕ್ಯಾಪ್ಚಾ ಬರುತ್ತದೆ, ಅದನ್ನು ಮನುಷ್ಯರೇ ನೋಡಿ ತುಂಬಬೇಕು. ಆದ್ದರಿಂದ ರಾತ್ರಿ ಓಡಲು ಬಿಟ್ಟು ಮನೆಗೆ ಹೋಗುವ ಕೆಲಸ ಇದಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿ.

ಎರಡನೆಯದು ತಿಂಗಳ ಲೆಕ್ಕ. ಹೆಚ್ಚು ಎಡವುವುದು ಇಲ್ಲೇ. ಪೋರ್ಟಲ್ ಮೊದಲು ಆರ್ಥಿಕ ವರ್ಷ ಕೇಳುತ್ತದೆ, ಆಮೇಲೆ ತ್ರೈಮಾಸಿಕ, ಕೊನೆಗೆ ತಿಂಗಳು. 2025ರ ಏಪ್ರಿಲ್ 15ರಂದು ಕೆಲಸಕ್ಕೆ ಕೂತಿದ್ದೀರಿ ಎಂದುಕೊಳ್ಳಿ. ಬೇಕಾಗಿರುವುದು ಮಾರ್ಚ್ ತಿಂಗಳ ವರದಿ. ಹೊಸ ಆರ್ಥಿಕ ವರ್ಷ ಶುರುವಾಗಿದ್ದರೂ ಆರಿಸಬೇಕಾದದ್ದು ಹಳೆಯ 2024-25, ಅದರ ಕೊನೆಯ ತ್ರೈಮಾಸಿಕ. ಸ್ಕ್ರಿಪ್ಟ್ ಇದನ್ನು ಹೀಗೆ ಲೆಕ್ಕ ಹಾಕಬೇಕು:

```python
last = date.today().replace(day=1) - timedelta(days=1)
fy = last.year if last.month >= 4 else last.year - 1
```

ಮೊದಲ ಸಾಲು ಈ ತಿಂಗಳ ಒಂದನೇ ತಾರೀಖಿನಿಂದ ಒಂದು ದಿನ ಹಿಂದೆ ಹೋಗಿ 2025ರ ಮಾರ್ಚ್ 31ನ್ನು ಹಿಡಿಯುತ್ತದೆ. ಮಾರ್ಚ್ ಮೂರನೇ ತಿಂಗಳು, ನಾಲ್ಕಕ್ಕಿಂತ ಕಡಿಮೆ. ಹಾಗಾಗಿ ಎರಡನೇ ಸಾಲಿನ ಉತ್ತರ 2024. ಇಂದಿನ ತಾರೀಖಿನಿಂದಲೇ ಆರ್ಥಿಕ ವರ್ಷ ತೆಗೆಯುವ ಸ್ಕ್ರಿಪ್ಟ್ ಉಳಿದ ಹನ್ನೊಂದು ತಿಂಗಳು ಸರಿಯಾಗಿಯೇ ನಡೆದು ಏಪ್ರಿಲ್‌ನಲ್ಲಿ ಮಾತ್ರ ಕೈಕೊಡುತ್ತದೆ. ಮೇ ತಿಂಗಳಲ್ಲಿ ಕೆಲಸ ವಹಿಸಿಕೊಂಡವರಿಗೆ ಇದು ಸುಮಾರು ಒಂದು ವರ್ಷ ಗೊತ್ತೇ ಆಗುವುದಿಲ್ಲ. ಈ ಎರಡು ಸಾಲು ಯಾಕಿವೆ ಎಂದು ಬರೆದಿಡಬೇಕಾದದ್ದು ಅದಕ್ಕೇ.

ಮೂರನೆಯದು ಬಂದ ಫೈಲಿನ ಪರೀಕ್ಷೆ. ಪರದೆಯ ಮೇಲೆ ‘ಮುಗಿಯಿತು’ ಎಂದು ಬಂದರೆ ಕ್ಲಿಕ್ ಆಗಿದೆ ಎಂದಷ್ಟೇ ಅರ್ಥ. ಫೋಲ್ಡರಿನಲ್ಲಿ `.crdownload` ಎಂದು ಮುಗಿಯುವ ಹೆಸರಿದ್ದರೆ ಕ್ರೋಮ್ ಅದನ್ನು ಪೂರ್ತಿ ಇಳಿಸಿಲ್ಲ. ಎಕ್ಸೆಲ್ ಫೈಲನ್ನು ತೆರೆದು ಅದರೊಳಗಿನ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ತಿಂಗಳು ಮೂರನ್ನೂ ಓದಿ. ಫೈಲಿನ ಹೆಸರನ್ನು ನಂಬಬೇಡಿ. ಆ ಹೆಸರಿಟ್ಟದ್ದು ಸ್ಕ್ರಿಪ್ಟೇ, ಸ್ಕ್ರಿಪ್ಟ್ ತಿಂಗಳು ತಪ್ಪಿದರೆ ಹೆಸರೂ ತಪ್ಪಬಹುದು. ಗಿರಾಕಿಗಳ ಪಟ್ಟಿಗೂ ಫೈಲುಗಳ ಎಣಿಕೆಗೂ ತಾಳೆ ನೋಡುವಾಗ ಒಂದು ವಿಷಯ ನೆನಪಿರಲಿ: ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಈಗ ತ್ರೈಮಾಸಿಕದ ಮೊದಲೆರಡು ತಿಂಗಳು 2ಬಿ ಸಿದ್ಧವಾಗುವುದಿಲ್ಲ. ಅವರ ಫೈಲು ಇಲ್ಲದಿರುವುದು ದೋಷವಲ್ಲ. ಅಂಥವರು ಯಾರ್‍ಯಾರು ಎಂದು ಟಿಪ್ಪಣಿಯಲ್ಲೇ ಇದ್ದರೆ ಹೊಸಬರು ಸುಮ್ಮನೆ ಹುಡುಕಾಡುವುದು ತಪ್ಪುತ್ತದೆ.

ಹಳೆಯ ಫೈಲಿನ ಮೇಲೆ ಹೊಸದನ್ನು ಉಳಿಸದೆ, ಇಳಿಸಿದ ತಾರೀಖನ್ನೂ ಹೆಸರಿಗೆ ಸೇರಿಸುವುದು ಒಳ್ಳೆಯದು. 2024ರ ಅಕ್ಟೋಬರ್‌ನಿಂದ ಪೋರ್ಟಲ್‌ನಲ್ಲಿ ಬಿಲ್ಲುಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ ವ್ಯವಸ್ಥೆ ಇದೆ. 14ರ ನಂತರ ಗಿರಾಕಿ ಅಲ್ಲಿ ಏನಾದರೂ ಬದಲಿಸಿದರೆ 2ಬಿಯನ್ನು ಮತ್ತೆ ಲೆಕ್ಕ ಹಾಕಿಸಿ, ಮತ್ತೆ ಇಳಿಸಿಕೊಳ್ಳಬೇಕು. ಎರಡು ಪ್ರತಿಗಳೂ ಇದ್ದರೆ ಏನು ಬದಲಾಯಿತೆಂದು ಹೋಲಿಸಿ ನೋಡಬಹುದು.

ಇನ್ನು ಸ್ಕ್ರಿಪ್ಟ್ ನಿಂತೇಹೋದರೆ? ಸೆಲೆನಿಯಂ ಬಳಸಿದ್ದರೆ ಪರದೆಯ ಮೇಲಿನ ದೋಷದ ಹೆಸರೇ ದಾರಿ ತೋರಿಸುತ್ತದೆ. `SessionNotCreatedException` ಬಂದರೆ ಹೆಚ್ಚಾಗಿ ಕ್ರೋಮ್ ಹೊಸ ಆವೃತ್ತಿಗೆ ಹೋಗಿದೆ, ಅದರ ಡ್ರೈವರ್ ಹಳೆಯದಾಗಿಯೇ ಉಳಿದಿದೆ. `NoSuchElementException` ಬಂದರೆ ಹುಡುಕಿದ ಗುಂಡಿ ಪುಟದಲ್ಲಿ ಸಿಕ್ಕಿಲ್ಲ: ಪುಟ ಇನ್ನೂ ತೆರೆದಿರಲಿಕ್ಕಿಲ್ಲ, ಲಾಗಿನ್ ಅವಧಿ ಮುಗಿದಿರಬಹುದು, ಇಲ್ಲವೇ ಪೋರ್ಟಲ್‌ನವರು ಪುಟವನ್ನೇ ಬದಲಿಸಿರಬಹುದು. ಮೊದಲೆರಡು ಕಾರಣಗಳಾದರೆ ಮತ್ತೆ ಓಡಿಸಿದಾಗ ಸರಿಹೋಗುವ ಸಾಧ್ಯತೆ ಹೆಚ್ಚು. ಮೂರನೆಯದಾದರೆ ಸ್ಕ್ರಿಪ್ಟ್ ತಿದ್ದಬೇಕು. 18ನೇ ತಾರೀಖು ದಾಟಿದ್ದರೆ ತಿದ್ದುವ ಗೋಜಿಗೆ ಹೋಗದೆ, ರಿಟರ್ನ್ಸ್ ಡ್ಯಾಶ್‌ಬೋರ್ಡ್ ತೆರೆದು, ವರ್ಷ, ತ್ರೈಮಾಸಿಕ, ತಿಂಗಳು ಆರಿಸಿ, ದೊಡ್ಡ ಗಿರಾಕಿಗಳಿಂದ ಶುರುಮಾಡಿ ಕೈಯಾರೆ ಇಳಿಸಿಕೊಳ್ಳಿ. ಸ್ಕ್ರಿಪ್ಟನ್ನು 20ರ ನಂತರ ನೋಡಿದರಾಯಿತು.